ನಿಮ್ಮ ಪುಸ್ತಕಕ್ಕೆ ಯಾವ ಕಾಗದ, ಯಾವ ಬೈಂಡಿಂಗ್? ದುಡ್ಡು ಎಲ್ಲಿ ಹೋಗುತ್ತದೆ ನೋಡಿ

ಸ್ವಂತ ದುಡ್ಡಿನಲ್ಲಿ ಪುಸ್ತಕ ಮಾಡಿಸಲು ಹೊರಟವರು ಪ್ರೆಸ್ಸಿಗೆ ಹೋಗಿ ಮೊದಲು ಕೇಳುವುದು ಒಂದೇ ಪ್ರಶ್ನೆ. "ಒಂದು ಕಾಪಿಗೆ ಎಷ್ಟಾಗುತ್ತೆ ಸಾರ್?" ಪ್ರೆಸ್ಸಿನವರು ತಿರುಗಿ ಕೇಳುತ್ತಾರೆ, "ಯಾವ ಪೇಪರ್, ಯಾವ ಬೈಂಡಿಂಗ್?" ಅಲ್ಲಿಗೆ ಮಾತು ನಿಂತುಬಿಡುತ್ತದೆ. "ಒಳ್ಳೇದು ಹಾಕಿ" ಅಂತ ಹೇಳಿ ಬಂದುಬಿಡುತ್ತೇವೆ. ಆ 'ಒಳ್ಳೇದು' ಏನು ಅನ್ನುವುದು ಪುಸ್ತಕ ಕೈಗೆ ಬಂದ ಮೇಲೆಯೇ ಗೊತ್ತಾಗುವುದು.

ಮಂಡ್ಯ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಪುಸ್ತಕವನ್ನೇ ಇಲ್ಲಿ ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ತಮ್ಮೂರಿನ ಕಥೆ ಬರೆದಿದ್ದಾರೆ: ಕೆರೆ, ಗುಡಿ, ಹಬ್ಬ, ನಾಲೆ ನೀರು ಬಂದ ಮೇಲೆ ಊರು ಬದಲಾದ ರೀತಿ. ಜೊತೆಗೆ ಹಳೆಯ ಫೋಟೋಗಳಿವೆ, ಅರ್ಧ ಕಪ್ಪು ಬಿಳುಪು, ಅರ್ಧ ಬಣ್ಣದವು. ಒಟ್ಟು ಸುಮಾರು 160 ಪುಟ. 500 ಪ್ರತಿ ಬೇಕು. ಮೈಸೂರಿನ ಪ್ರೆಸ್ಸಿನಲ್ಲಿ ಮಾಡಿಸುವುದು ಅಂತ ತೀರ್ಮಾನ. ಮೇಷ್ಟ್ರ ಆಸೆ ಏನೆಂದರೆ "ಪೂರ್ತಿ ಆರ್ಟ್ ಪೇಪರ್‌ನಲ್ಲೇ ಹಾಕಿಸಿಬಿಡೋಣ, ನುಣ್ಣಗಿರುತ್ತೆ, ಚೆನ್ನಾಗಿ ಕಾಣುತ್ತೆ."

ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಅದೇ ಪುಸ್ತಕವನ್ನು ಕಾಗದ, ಅಚ್ಚಿಗೆ ಅರ್ಧಕ್ಕಿಂತ ಕಡಿಮೆ ಖರ್ಚು ಮಾಡಿ, ಓದಲು ಇನ್ನೂ ಹಿತವಾಗಿ, ಇಪ್ಪತ್ತು ವರ್ಷ ಹಾಳೆ ಕಳಚದ ಹಾಗೆ ಮಾಡಿಸಬಹುದು. ಹೇಗೆ ಅಂತ ಒಂದೊಂದೇ ಹೆಜ್ಜೆ ನೋಡೋಣ. ಮೊದಲೇ ಒಂದು ಮಾತು. ಕಾಗದವನ್ನು ಒಂದು ದಿನ, ಬೈಂಡಿಂಗನ್ನು ಇನ್ನೊಂದು ದಿನ ಬೇರೆ ಬೇರೆಯಾಗಿ ಆರಿಸಬೇಡಿ. ಒಂದು ಬದಲಾದರೆ ಇನ್ನೊಂದು ಬದಲಾಗಲೇಬೇಕು.

ಮೊದಲು ಪುಟಗಳನ್ನು ಫಾರಂ ಲೆಕ್ಕಕ್ಕೆ ತನ್ನಿ

ನಮ್ಮ ಕಥೆ, ಕಾದಂಬರಿಗಳು ಹೆಚ್ಚಾಗಿ ಬರುವುದು 1/8 ಡೆಮಿ ಅಳತೆಯಲ್ಲಿ, ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಪ್ರೆಸ್ಸಿನಲ್ಲಿ ಈ ಪುಟಗಳನ್ನು ಒಂದೊಂದಾಗಿ ಅಚ್ಚು ಹಾಕುವುದಿಲ್ಲ. ಒಂದು ದೊಡ್ಡ ಹಾಳೆಯ ಎರಡೂ ಕಡೆ ಸೇರಿ 16 ಪುಟ ಅಚ್ಚಾಗುತ್ತದೆ, ಆಮೇಲೆ ಅದನ್ನು ಮಡಚುತ್ತಾರೆ. ಆ 16 ಪುಟವೇ ಒಂದು ಫಾರಂ. ಕಾಗದ ಬರುವುದು ಡಬಲ್ ಡೆಮಿ ಹಾಳೆಯಲ್ಲಿ, 58.5 × 91 ಸೆಂಟಿಮೀಟರ್. ಅದರಲ್ಲಿ ಎರಡು ಫಾರಂ, ಅಂದರೆ 32 ಪುಟ ಸಿಗುತ್ತದೆ.

ಹಾಗಾಗಿ 160 ಪುಟ ಅಂದರೆ ಸರಿಯಾಗಿ 10 ಫಾರಂ. 164 ಪುಟ ಆಯಿತು ಅಂದುಕೊಳ್ಳಿ. ಆ ನಾಲ್ಕು ಪುಟಕ್ಕೆ ಬೇರೆ ಪ್ಲೇಟು, ಅಂದರೆ ಅಚ್ಚು ಒತ್ತುವ ತಗಡು, ಬೇರೆ ಮಡಿಕೆ, ಬೇರೆ ಕೆಲಸ. ಪುಟ ವಿನ್ಯಾಸ ಮಾಡುವವರಿಗೆ ಮೊದಲೇ ಹೇಳಿಬಿಡಿ: ಶೀರ್ಷಿಕೆ ಪುಟ, ಮುನ್ನುಡಿ, ಪರಿವಿಡಿ, ಕೊನೆಯ ಖಾಲಿ ಪುಟ ಎಲ್ಲ ಸೇರಿ 16ರ ಗುಣಕದಲ್ಲಿ ನಿಲ್ಲಬೇಕು. ಆಗದಿದ್ದರೆ 8ರ ಗುಣಕದಲ್ಲಿ. ಅಕ್ಷರವನ್ನು ಅರ್ಧ ಪಾಯಿಂಟ್ ಚಿಕ್ಕದು ಮಾಡಿಯೋ, ಸಾಲಿನ ನಡುವಿನ ಜಾಗ ಸ್ವಲ್ಪ ಬಿಗಿ ಮಾಡಿಯೋ ನಾಲ್ಕು ಪುಟ ಇಳಿಸುವುದು ಕಷ್ಟದ ಕೆಲಸವೇನಲ್ಲ.

ಜಿಎಸ್ಎಂ ಅಂದರೆ ತೂಕ ಅಷ್ಟೇ, ದಪ್ಪ ಅಲ್ಲ

ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೋ ಅದೇ ಜಿಎಸ್ಎಂ. ನಿಮ್ಮ ಮನೆಯಲ್ಲಿರುವ ಕನ್ನಡ ಪುಸ್ತಕಗಳನ್ನು ತೆಗೆದು, ಪ್ರಕಾಶಕರ ವಿಳಾಸ, ಬೆಲೆ ಇರುವ ಪುಟ ನೋಡಿ. ಎಷ್ಟೋ ಪುಸ್ತಕಗಳಲ್ಲಿ "ಬಳಸಿದ ಕಾಗದ: 70 ಜಿಎಸ್ಎಂ ಎನ್.ಎಸ್. ಮ್ಯಾಪ್‌ಲಿಥೋ, 18.6 ಕೆ.ಜಿ., 1/8 ಡೆಮಿ" ಅಂತಲೋ, ಅದರ ಹತ್ತಿರದ ಇನ್ನೊಂದು ರೀತಿಯಲ್ಲೋ ಬರೆದಿರುತ್ತದೆ. ಮ್ಯಾಪ್‌ಲಿಥೋ ಅಂದರೆ ಪುಸ್ತಕಕ್ಕೆ ಸಾಮಾನ್ಯವಾಗಿ ಹಾಕುವ, ಹೊಳಪಿಲ್ಲದ ಕಾಗದ; ಎನ್.ಎಸ್. ಅಂದರೆ ನ್ಯಾಚುರಲ್ ಶೇಡ್, ಸಹಜ ಬಣ್ಣದ್ದು. ಆ 18.6 ಎಲ್ಲಿಂದ ಬಂತು? ಡಬಲ್ ಡೆಮಿ ಹಾಳೆಯ ಒಂದು ರೀಮಿನ, ಅಂದರೆ 500 ಹಾಳೆಯ ತೂಕ ಅದು. ಲೆಕ್ಕ ಸುಲಭ:

58.5 × 91 × 70 ÷ 20,000 = 18.6 ಕೆ.ಜಿ.

ಸೆಂಟಿಮೀಟರ್‌ನಲ್ಲಿ ಉದ್ದ, ಅಗಲ ಮತ್ತು ಜಿಎಸ್ಎಂ ಗುಣಿಸಿ 20,000ದಿಂದ ಭಾಗಿಸಿದರೆ ಯಾವ ಅಳತೆಯ ರೀಮಿನ ತೂಕ ಬೇಕಾದರೂ ಸಿಗುತ್ತದೆ. ಕಾಗದ ಮಾರುವುದು ಕೆ.ಜಿ. ಲೆಕ್ಕದಲ್ಲಿ, ಅದಕ್ಕೆ ಈ ಒಂದು ಲೆಕ್ಕ ಗೊತ್ತಿದ್ದರೆ ಕೊಟೇಶನ್ ಓದಲು ಬರುತ್ತದೆ.

ಮೇಷ್ಟ್ರ ಪುಸ್ತಕಕ್ಕೆ ಹಾಕಿ ನೋಡೋಣ. 160 ಪುಟಕ್ಕೆ ಒಂದು ಪ್ರತಿಗೆ 5 ಡಬಲ್ ಡೆಮಿ ಹಾಳೆ. 500 ಪ್ರತಿಗೆ 2,500 ಹಾಳೆ, ಅಂದರೆ 5 ರೀಮು, 93 ಕೆ.ಜಿ. ಮೆಷಿನ್ ಮೇಲೆ ಹಾಳಾಗುವುದಕ್ಕೆ ನೂರಕ್ಕೆ ಐದು ಸೇರಿಸಿದರೆ ಸುಮಾರು 98 ಕೆ.ಜಿ. ಕಾಗದದ ದರ ಏರಿಳಿಯುತ್ತಲೇ ಇರುತ್ತದೆ. ಲೆಕ್ಕಕ್ಕೆ ಕೆ.ಜಿ.ಗೆ 90 ರೂಪಾಯಿ ಇಟ್ಟುಕೊಂಡರೆ 8,820 ರೂಪಾಯಿ. ಪ್ರತಿಗೆ ಹದಿನೇಳೂವರೆ ರೂಪಾಯಿ ಆಯಿತು. ಇದೇ ಪುಸ್ತಕವನ್ನು 80 ಜಿಎಸ್ಎಂನಲ್ಲಿ ಮಾಡಿದರೆ? ರೀಮಿಗೆ 21.3 ಕೆ.ಜಿ., ಒಟ್ಟು 112 ಕೆ.ಜಿ., ಪ್ರತಿಗೆ ಇಪ್ಪತ್ತು ರೂಪಾಯಿ ಚಿಲ್ಲರೆ.

ನೋಡಿ, ವ್ಯತ್ಯಾಸ ಎರಡೂವರೆ ರೂಪಾಯಿ ಅಷ್ಟೇ. "70 ಆದ್ರೆ ಇಷ್ಟು, 80 ಆದ್ರೆ ಅಷ್ಟು" ಅಂತ ಪ್ರೆಸ್ಸಿನವರು ಹತ್ತು ಹದಿನೈದು ರೂಪಾಯಿ ಅಂತರ ಹೇಳಿದರೆ, ಅದು ಬರೀ ಕಾಗದದ ಅಂತರ ಅಲ್ಲ. ನಡುವೆ ಬೇರೇನೋ ಸೇರಿದೆ, ಏನು ಅಂತ ಕೇಳಿ.

ಹಾಗಾದರೆ 60ಕ್ಕೆ ಇಳಿಸಿ ಎರಡು ಮೂರು ರೂಪಾಯಿ ಉಳಿಸಬಹುದಲ್ವಾ? ಉಳಿಸಬಹುದು. ಆದರೆ 60ರ ಕಾಗದದಲ್ಲಿ ಹಿಂದಿನ ಪುಟದ ಅಕ್ಷರ ಮುಂದಕ್ಕೆ ನೆರಳಿನ ಹಾಗೆ ಕಾಣುತ್ತದೆ. ಕನ್ನಡದಲ್ಲಿ ಇದು ಇನ್ನೂ ಜಾಸ್ತಿ ಕಾಡುತ್ತದೆ, ಯಾಕೆಂದರೆ ನಮ್ಮ ಒತ್ತಕ್ಷರಗಳು ಸಾಲಿನ ಕೆಳಗಿನ ಬಿಳಿ ಜಾಗಕ್ಕೆ ಇಳಿದುಬರುತ್ತವೆ. ಆ ಖಾಲಿ ಜಾಗವೇ ಕಣ್ಣಿಗೆ ವಿಶ್ರಾಂತಿ. ಹಿಂದಿನ ಪುಟದ ನೆರಳೂ ಅಲ್ಲೇ ಬಂದು ಕೂತರೆ ಸಾಲು ಕಲಸಿಹೋಗುತ್ತದೆ. ಪ್ರೆಸ್ಸಿನಲ್ಲಿ ಆಗಲೇ ಎರಡೂ ಕಡೆ ಅಚ್ಚಾದ ಒಂದು ಹಾಳೆ ಕೇಳಿ, ಮೇಜಿನ ಮೇಲೆ ಇಟ್ಟು ಓದಿ. ಬೆಳಕಿಗೆ ಹಿಡಿದರೆ ಯಾವ ಕಾಗದವಾದರೂ ಕಾಣುತ್ತದೆ, ಅದು ಪರೀಕ್ಷೆ ಅಲ್ಲ. ಒಂದೇ ಹಾಳೆಯನ್ನು ಬಿಳಿ ಮೇಜಿನ ಮೇಲಿಟ್ಟು, ಎರಡು ಪ್ಯಾರಾ ಸಲೀಸಾಗಿ ಓದಿಸಿಕೊಂಡು ಹೋಗಬೇಕು.

ನನ್ನ ಮಟ್ಟಿಗೆ ಓದುವ ಪುಸ್ತಕಕ್ಕೆ 70 ಸಾಕು. ಪುಟ ನೂರಕ್ಕಿಂತ ಕಡಿಮೆ ಇದ್ದು ಪುಸ್ತಕ ತೀರಾ ತೆಳ್ಳಗೆ ಬರುವುದಾದರೆ 80 ಹಾಕಿ.

ಇನ್ನೊಂದು ದಾರಿಯೂ ಇದೆ. ತಿಳಿ ಕೆನೆ ಬಣ್ಣದ, ಸ್ವಲ್ಪ ಒರಟಾದ ಬಲ್ಕಿ ಕಾಗದ. ಒಳಗೆ ಗಾಳಿ ಜಾಸ್ತಿ, ಹಾಗಾಗಿ ಅದೇ ತೂಕಕ್ಕೆ ದಪ್ಪ ಹೆಚ್ಚು. 70 ಜಿಎಸ್ಎಂ ಮ್ಯಾಪ್‌ಲಿಥೋದ ಒಂದು ಹಾಳೆ ಸುಮಾರು 90 ಮೈಕ್ರಾನ್ ದಪ್ಪ ಇದ್ದರೆ, ಅದೇ 70ರ ಬಲ್ಕಿ ಕಾಗದ 110ರ ಆಸುಪಾಸು ಬರುತ್ತದೆ. ಸಾವಿರ ಮೈಕ್ರಾನ್ ಅಂದರೆ ಒಂದು ಮಿಲಿಮೀಟರ್. 160 ಪುಟ ಅಂದರೆ 80 ಹಾಳೆ. ಮ್ಯಾಪ್‌ಲಿಥೋದಲ್ಲಿ ಬೆನ್ನು 7 ಮಿಲಿಮೀಟರ್ ಚಿಲ್ಲರೆ, ಬಲ್ಕಿಯಲ್ಲಿ ಸುಮಾರು 9. ಕೈಯಲ್ಲಿ ಹಿಡಿದರೆ ಪುಸ್ತಕ ತುಂಬಿಕೊಂಡ ಹಾಗಿರುತ್ತದೆ, ತೂಕ ಮಾತ್ರ ಏರುವುದಿಲ್ಲ. ಕೆ.ಜಿ. ದರ ಸ್ವಲ್ಪ ಜಾಸ್ತಿ. ಕಾದಂಬರಿಗೆ ನನಗೆ ಇದು ಬಹಳ ಇಷ್ಟ. ಫೋಟೋ ಇರುವ ಪುಟಕ್ಕೆ ಮಾತ್ರ ಬೇಡ, ಮಂಕಾಗುತ್ತದೆ.

ಕೊಟ್ಟ ಕಾಗದ ನಿಜಕ್ಕೂ 70 ಹೌದೋ ಅಲ್ಲವೋ ಅಂತ ಅನುಮಾನ ಬಂದರೆ, ಸ್ಯಾಂಪಲ್ ಹಾಳೆಯಿಂದ 10 ಸೆಂಟಿಮೀಟರ್ ಚೌಕದ ಹತ್ತು ತುಂಡು ಸರಿಯಾಗಿ ಕತ್ತರಿಸಿ. ಚಿನ್ನ ಬೆಳ್ಳಿ ಅಂಗಡಿಯಲ್ಲಿ ಗುರುತಿನವರಿದ್ದರೆ ಅವರ ತಕ್ಕಡಿಯಲ್ಲಿ ತೂಗಿಸಿ. ಹತ್ತೂ ಸೇರಿ 7 ಗ್ರಾಂ ಬಂದರೆ 70 ಜಿಎಸ್ಎಂ. 6.8 ಬಂದರೂ ಚಿಂತೆ ಬೇಡ, ಮಿಲ್ಲಿನಲ್ಲೇ ಅಷ್ಟು ಹೆಚ್ಚು ಕಡಿಮೆ ಇರುತ್ತದೆ. 6.2 ಬಂದರೆ ಮಾತಾಡಬೇಕು.

ಕೋಟಿಂಗ್ ಇರುವ ಕಾಗದ, ಇಲ್ಲದ ಕಾಗದ

ಮ್ಯಾಪ್‌ಲಿಥೋ, ಬಲ್ಕಿ ಇವೆಲ್ಲ ಕೋಟಿಂಗ್ ಇಲ್ಲದ ಕಾಗದ. ಆರ್ಟ್ ಪೇಪರ್ ಅಂದರೆ ಮೇಲೆ ಸುಣ್ಣಕಲ್ಲಿನ ಪುಡಿ, ಬಿಳಿ ಜೇಡಿಮಣ್ಣು ಇಂಥವನ್ನು ಅಂಟಿನ ಜೊತೆ ಬಳಿದು ನಯ ಮಾಡಿದ ಕಾಗದ. ಗೋಡೆಗೆ ಪುಟ್ಟಿ ಹಾಕಿ ಉಜ್ಜಿದ ಹಾಗೆ. ಕೋಟಿಂಗ್ ಇಲ್ಲದ ಕಡೆ ಶಾಯಿ ನಾರಿನೊಳಗೆ ಇಳಿದು ಸ್ವಲ್ಪ ಹರಡುತ್ತದೆ. ಆರ್ಟ್ ಪೇಪರ್‌ನಲ್ಲಿ ಶಾಯಿ ಮೇಲೇ ನಿಲ್ಲುತ್ತದೆ, ಅದಕ್ಕೆ ಬಣ್ಣ ಗಾಢ, ಅಂಚು ಚೂಪು.

ಇದನ್ನು ಕಣ್ಣಾರೆ ನೋಡಬೇಕಾದರೆ 'ಲಕ್ಷ್ಮಿ', 'ರಾಷ್ಟ್ರ', 'ಸ್ತ್ರೀ' ತರಹದ ಪದಗಳನ್ನು ಚಿಕ್ಕ ಅಕ್ಷರದಲ್ಲಿ, ಅಡಿಟಿಪ್ಪಣಿಯ ಅಳತೆಯಲ್ಲಿ, ಎರಡೂ ಕಾಗದದ ಮೇಲೆ ಅಚ್ಚು ಹಾಕಿಸಿ ನೋಡಿ. ಕಡಿಮೆ ದರದ ಒರಟು ಕಾಗದದಲ್ಲಿ ಷಕಾರದ ಒಳಗಿನ ಸಣ್ಣ ಜಾಗ ಶಾಯಿಯಿಂದ ತುಂಬಿಕೊಳ್ಳುತ್ತದೆ, ಕೆಳಗಿನ ಒತ್ತು ಒಂದು ಕಪ್ಪು ಚುಕ್ಕೆ ಆಗುತ್ತದೆ. ಒಳ್ಳೆಯ ಮ್ಯಾಪ್‌ಲಿಥೋದಲ್ಲಿ ಹಾಗಾಗುವುದಿಲ್ಲ. ಅಂದರೆ ಅಕ್ಷರಕ್ಕಾಗಿ ಆರ್ಟ್ ಪೇಪರ್ ಬೇಕಿಲ್ಲ, ಒಳ್ಳೆಯ ಮ್ಯಾಪ್‌ಲಿಥೋ ಸಾಕು. ಆರ್ಟ್ ಪೇಪರ್ ಬೇಕಾಗುವುದು ಫೋಟೋಗೆ ಮಾತ್ರ. ಮೇಷ್ಟ್ರ ಹಳೆಯ ಫೋಟೋಗಳಲ್ಲಿ ಒಂದಿದೆ: ಜಾತ್ರೆ ದಿನ ತೇರಿನ ಮುಂದೆ ನಿಂತ ಜನ, ಅರ್ಧ ಮುಖ ನೆರಳಿನಲ್ಲಿ. ಮ್ಯಾಪ್‌ಲಿಥೋದಲ್ಲಿ ಆ ನೆರಳಿನ ಮುಖಗಳೆಲ್ಲ ಒಂದೇ ಕಪ್ಪು. ಆರ್ಟ್ ಪೇಪರ್‌ನಲ್ಲಿ ಯಾರ ಮೀಸೆ, ಯಾರ ಪೇಟ ಅಂತ ಗುರುತು ಹಿಡಿಯಬಹುದು. ಊರಿನ ಪುಸ್ತಕಕ್ಕೆ ಅದು ಮುಖ್ಯ, ತಾತನ ಮುಖ ಹುಡುಕುವುದಕ್ಕೇ ಜನ ಆ ಪುಟ ತೆಗೆಯುತ್ತಾರೆ.

ಪೂರ್ತಿ ಪುಸ್ತಕ ಆರ್ಟ್ ಪೇಪರ್‌ನಲ್ಲಿ ಬೇಡ ಅನ್ನಲು ಮೂರು ಕಾರಣ ಇವೆ. ಹೊಳಪಿನ ಕಾಗದ ಟ್ಯೂಬ್‌ಲೈಟ್ ಕೆಳಗೆ ಮಿನುಗುತ್ತದೆ, ಪುಟ ಆ ಕಡೆ ಈ ಕಡೆ ವಾಲಿಸಿಕೊಂಡು ಓದಬೇಕು. ಮ್ಯಾಟ್ ಆರ್ಟ್ ಪೇಪರ್‌ನಲ್ಲಿ ಈ ಕಷ್ಟ ಕಡಿಮೆ, ಪೂರ್ತಿ ಹೋಗುವುದಿಲ್ಲ. ಎರಡನೆಯದು ತೂಕ. ಕೋಟಿಂಗ್ ಕಾಗದ ಒತ್ತಿ ಬಿಗಿಯಾಗಿರುವುದರಿಂದ 90 ಜಿಎಸ್ಎಂ ಆರ್ಟ್ ಪೇಪರ್ 70 ಮೈಕ್ರಾನ್ ಸುಮಾರಿಗಷ್ಟೇ ದಪ್ಪ. ಮೇಷ್ಟ್ರ ಪುಸ್ತಕ ಪೂರ್ತಿ ಇದರಲ್ಲಿ ಆದರೆ ಒಂದು ಪ್ರತಿ ಹತ್ತಿರ ಹತ್ತಿರ 240 ಗ್ರಾಂ ತೂಗುತ್ತದೆ, ಬೆನ್ನು ಮಾತ್ರ ಐದೂವರೆ ಮಿಲಿಮೀಟರ್. ಜಾಸ್ತಿ ತೂಕ, ಕಡಿಮೆ ದಪ್ಪ. ಓದುವವರ ಕೈಗೆ ಅದು ಪುಸ್ತಕ ಅನ್ನಿಸುವುದಿಲ್ಲ, ಕಂಪನಿಯ ಕ್ಯಾಟಲಾಗ್ ಅನ್ನಿಸುತ್ತದೆ. ಮೂರನೆಯ ಕಾರಣ ಬೈಂಡಿಂಗು, ಅದನ್ನು ಮುಂದೆ ಹೇಳುತ್ತೇನೆ.

ಇನ್ನು ದುಡ್ಡು. ಇಲ್ಲಿ ಎಲ್ಲರೂ ಕಾಗದದ ದರ ನೋಡುತ್ತಾರೆ, ಆದರೆ ಖರ್ಚು ಏರಿಸುವುದು ಬಣ್ಣ. ಒಂದು ಫಾರಂಗೆ ಎರಡು ಮಗ್ಗುಲು. ಕಪ್ಪು ಶಾಯಿ ಒಂದೇ ಆದರೆ ಎರಡು ಪ್ಲೇಟು ಸಾಕು. ಬಣ್ಣವಾದರೆ ನಾಲ್ಕು ಬಣ್ಣದ ಶಾಯಿಗೆ ಒಂದೊಂದು ಮಗ್ಗುಲಿಗೂ ನಾಲ್ಕು ಪ್ಲೇಟು, ಒಟ್ಟು ಎಂಟು. ಪೂರ್ತಿ 10 ಫಾರಂ ಬಣ್ಣದಲ್ಲಿ ಹಾಕಿದರೆ 80 ಪ್ಲೇಟು. ಪ್ಲೇಟು ಮತ್ತು ಅಚ್ಚಿನ ಕೂಲಿ ಸೇರಿ ಒಂದಕ್ಕೆ 600 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಂಡರೆ (ನಿಮ್ಮ ಪ್ರೆಸ್ಸಿನ ದರ ಹಾಕಿ ನೋಡಿ) 48,000 ರೂಪಾಯಿ. ಅದರ ಮೇಲೆ 90 ಜಿಎಸ್ಎಂ ಆರ್ಟ್ ಪೇಪರ್ ಸುಮಾರು 130 ಕೆ.ಜಿ., ಕೆ.ಜಿ.ಗೆ 100ರ ಲೆಕ್ಕದಲ್ಲಿ 13,000. ಎರಡೂ ಸೇರಿ 61,000.

ಈಗ ಇನ್ನೊಂದು ರೀತಿ ನೋಡಿ. ಬರಹದ 144 ಪುಟ, ಅಂದರೆ 9 ಫಾರಂ, 70 ಜಿಎಸ್ಎಂ ಮ್ಯಾಪ್‌ಲಿಥೋದಲ್ಲಿ ಕಪ್ಪು ಶಾಯಿ ಮಾತ್ರ. ಫೋಟೋಗಳೆಲ್ಲ ಒಟ್ಟಿಗೆ ಒಂದೇ 16 ಪುಟದ ಫಾರಂನಲ್ಲಿ, 100 ಜಿಎಸ್ಎಂ ಮ್ಯಾಟ್ ಆರ್ಟ್ ಪೇಪರ್, ಬಣ್ಣದಲ್ಲಿ. ಪ್ಲೇಟು 18 ಮತ್ತು 8, ಒಟ್ಟು 26. ಅದೇ 600ರ ಲೆಕ್ಕದಲ್ಲಿ 15,600. ಕಾಗದ ಮ್ಯಾಪ್‌ಲಿಥೋ 88 ಕೆ.ಜಿ., ಆರ್ಟ್ ಪೇಪರ್ 15 ಕೆ.ಜಿ., ಎರಡೂ ಸೇರಿ ಒಂಬತ್ತೂವರೆ ಸಾವಿರದೊಳಗೆ. ಒಟ್ಟು 25,000. ಮುಖಪುಟ, ಬೈಂಡಿಂಗ್ ಎರಡೂ ಲೆಕ್ಕಕ್ಕೆ ಸೇರಿಲ್ಲ, ಅವು ಹೇಗೂ ಇದ್ದೇ ಇರುತ್ತವೆ. 36,000 ರೂಪಾಯಿ ಉಳಿತಾಯ, ಪ್ರತಿಗೆ 72 ರೂಪಾಯಿ. ಫೋಟೋಗಳ ಗುಣ ಒಂದಿಷ್ಟೂ ಕಡಿಮೆ ಆಗಲಿಲ್ಲ.

ಇದೇನು ಹೊಸ ಉಪಾಯವಲ್ಲ. ಹಳೆಯ ಗೆಜೆಟಿಯರ್‌ಗಳು, ಶಾಸನ ಸಂಪುಟಗಳು ಕೈಗೆ ಸಿಕ್ಕರೆ ನೋಡಿ, ಚಿತ್ರಪಟಗಳೆಲ್ಲ ಒಂದು ಕಡೆ ನಯವಾದ ಕಾಗದದಲ್ಲಿ ಇರುತ್ತವೆ. ಬರಹದಲ್ಲಿ "ಚಿತ್ರ 7 ನೋಡಿ" ಅಂತ ಬರೆದರೆ ಆಯಿತು.

ಫೋಟೋಗಳೆಲ್ಲ ಕಪ್ಪು ಬಿಳುಪೇ ಆಗಿದ್ದರೆ ಇನ್ನೂ ಸುಲಭ. ಆರ್ಟ್ ಪೇಪರ್ ಮೇಲೆ ಬರೀ ಕಪ್ಪು ಶಾಯಿಯಲ್ಲಿ ಹಾಕಿಸಿ. ಎಂಟರ ಬದಲು ಎರಡೇ ಪ್ಲೇಟು. ಕಪ್ಪು ಬಿಳುಪು ಫೋಟೋವನ್ನು ನಾಲ್ಕು ಬಣ್ಣ ಸೇರಿಸಿ ಅಚ್ಚು ಮಾಡಿದರೆ ಒಂದೊಂದು ಪುಟ ಒಂದೊಂದು ಛಾಯೆಗೆ ತಿರುಗುತ್ತದೆ, ಒಂದು ಹಸಿರಿನ ಕಡೆ, ಒಂದು ಕೆಂಪಿನ ಕಡೆ.

ಬೈಂಡಿಂಗ್: ಇಲ್ಲಿ ಉಳಿಸಲು ಹೋಗಬೇಡಿ

ಸೆಂಟರ್ ಪಿನ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಮಧ್ಯದಲ್ಲಿ ಮಡಚಿ ಎರಡು ಪಿನ್ ಹೊಡೆಯುವುದು. ಪುಟ 4ರ ಗುಣಕದಲ್ಲಿರಬೇಕು, 64 ಪುಟದವರೆಗೆ ಚೆನ್ನ. ಅದಕ್ಕಿಂತ ದಪ್ಪವಾದರೆ ಒಳಗಿನ ಹಾಳೆಗಳು ಹೊರಕ್ಕೆ ತಳ್ಳಿಕೊಂಡು ಬರುತ್ತವೆ, ಬೆನ್ನು ಉಬ್ಬುತ್ತದೆ. ಜಾತ್ರೆಯ ಕಿರುಪುಸ್ತಕ, ಸ್ಮರಣ ಸಂಚಿಕೆ, ಕವನದ ತೆಳ್ಳನೆ ಸಂಕಲನಕ್ಕೆ ಸರಿ.

ನಮ್ಮ 160 ಪುಟಕ್ಕೆ ನಿಜವಾದ ಆಯ್ಕೆ ಪರ್ಫೆಕ್ಟ್ ಬೈಂಡಿಂಗೋ, ಹೊಲಿಗೆಯೋ ಅನ್ನುವುದು.

ಪರ್ಫೆಕ್ಟ್ ಬೈಂಡಿಂಗ್‌ನಲ್ಲಿ ಮಡಚಿದ ಫಾರಂಗಳನ್ನು ಒಟ್ಟಿಗೆ ಜೋಡಿಸಿ, ಬೆನ್ನಿನ ಕಡೆ ಎರಡು ಮೂರು ಮಿಲಿಮೀಟರ್ ಕೆರೆದು ತೆಗೆಯುತ್ತಾರೆ. ಮಡಿಕೆಗಳೆಲ್ಲ ಹೋಗಿ ಬಿಡಿ ಹಾಳೆಗಳಾಗುತ್ತವೆ. ಆ ತರಿತರಿ ಬೆನ್ನಿಗೆ ಬಿಸಿ ಅಂಟು ಹಚ್ಚಿ ಮುಖಪುಟ ಕೂರಿಸುತ್ತಾರೆ. ಅಂದರೆ ಪ್ರತಿ ಹಾಳೆಯನ್ನೂ ಹಿಡಿದಿರುವುದು ಬರೀ ಅಂಚಿನ ಅಂಟು. ಆ ಅಂಟು ಹಿಡಿಯುವುದು ಕಾಗದದ ನಾರನ್ನು. ಮ್ಯಾಪ್‌ಲಿಥೋದಲ್ಲಿ ಕೆರೆದಾಗ ನಾರು ಚೆನ್ನಾಗಿ ಎದ್ದು ನಿಲ್ಲುತ್ತದೆ, ಅಂಟು ಕಚ್ಚಿಕೊಳ್ಳುತ್ತದೆ. ಆರ್ಟ್ ಪೇಪರ್‌ನಲ್ಲಿ ನಾರಿಗೆ ಎರಡೂ ಕಡೆ ಕೋಟಿಂಗ್ ಅಡ್ಡ, ಅಂಟಿಗೆ ಸಿಗುವ ಹಿಡಿತ ಕಡಿಮೆ. ಮೇಲಾಗಿ ಕಾಗದ ಭಾರ, ಗಡುಸು. ಪುಟ ತೆರೆದಾಗಲೆಲ್ಲ ಅದು ಸನ್ನೆ ಹಾಕಿದ ಹಾಗೆ ಅಂಟನ್ನು ಎಳೆಯುತ್ತದೆ. ಪರ್ಫೆಕ್ಟ್ ಬೈಂಡಿಂಗ್ ಆದ ಪುಸ್ತಕದಲ್ಲಿ ಫೋಟೋ ಹಾಳೆಗಳೇ ಮೊದಲು ಕಿತ್ತು ಬರುವುದಕ್ಕೆ ಕಾರಣ ಇದು. ಜನ ಹೆಚ್ಚು ತೆರೆಯುವುದೂ ಅದೇ ಪುಟಗಳನ್ನು ಅಲ್ವಾ?

ಮಾಮೂಲಿ ಬಿಸಿ ಅಂಟು ವರ್ಷ ಕಳೆದ ಹಾಗೆ ಒಣಗಿ ಸೀಳುತ್ತದೆ. ಪಿ.ಯು.ಆರ್. ಅನ್ನುವ ಇನ್ನೊಂದು ಅಂಟಿದೆ, ಅದು ಆರ್ಟ್ ಪೇಪರ್ ಅನ್ನೂ ಗಟ್ಟಿಯಾಗಿ ಹಿಡಿಯುತ್ತದೆ, ಬೆನ್ನು ಚೆನ್ನಾಗಿ ಬಾಗುತ್ತದೆ. ಅದಕ್ಕೆ ಬೇರೆ ಮೆಷಿನ್ ಬೇಕು, ಎಲ್ಲರ ಹತ್ತಿರ ಇರುವುದಿಲ್ಲ. ಇದೆಯಾ ಅಂತ ಕೇಳಿ ನೋಡಿ.

ಹೊಲಿಗೆಯಲ್ಲಿ ಬೆನ್ನು ಕೆರೆಯುವುದಿಲ್ಲ. ಪ್ರತಿ ಫಾರಂ ಮಡಚಿದ ಹಾಗೇ ಇರುತ್ತದೆ, ಅದರ ಮಧ್ಯದ ಮಡಿಕೆಯಲ್ಲಿ ದಾರ ಹಾಯಿಸಿ ಒಂದಕ್ಕೊಂದು ಸೇರಿಸಿ ಹೊಲಿಯುತ್ತಾರೆ. ಹಾಳೆಯನ್ನು ಹಿಡಿದಿರುವುದು ದಾರ. ಕೋಟಿಂಗ್ ಇದ್ದರೂ ದಾರಕ್ಕೆ ಏನೂ ಆಗುವುದಿಲ್ಲ. ಪುಸ್ತಕ ಮೇಜಿನ ಮೇಲೆ ಹೆಚ್ಚು ಕಡಿಮೆ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಹಾಗಾಗಿ ಫೋಟೋ ಫಾರಂ ನಡುವೆ ಸೇರಿಸುವುದಾದರೆ ಹೊಲಿಗೆ ಮಾಡಿಸಲೇಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕೂಲಿ ಫಾರಂ ಲೆಕ್ಕದಲ್ಲಿ ಬೀಳುತ್ತದೆ. ಅದು ಪ್ರತಿಗೆ ಹತ್ತು ರೂಪಾಯಿಯೇ ಆಗಲಿ ಅಂದುಕೊಳ್ಳೋಣ, 500 ಪ್ರತಿಗೆ 5,000. ಆಗಲೇ ಬಣ್ಣದಲ್ಲಿ 36,000 ಉಳಿಸಿದ್ದೀವಿ, ಅದರಲ್ಲಿ ಇಷ್ಟನ್ನು ಇಲ್ಲಿ ಹಾಕಿ.

ಹೊಲಿಗೆ ನಿಜವಾಗಿ ಮಾಡಿದ್ದಾರಾ ಅಂತ ತಿಳಿಯುವುದು ಸುಲಭ. ಪುಸ್ತಕದ ಮೊದಲ ಹಾಳೆಯಿಂದ ಎಣಿಸಿದರೆ ಒಂದನೇ ಫಾರಂನ ಮಧ್ಯ 8 ಮತ್ತು 9ನೇ ಪುಟದ ನಡುವೆ ಬರುತ್ತದೆ, ಎರಡನೆಯದು 24 ಮತ್ತು 25ರ ನಡುವೆ, ಮೂರನೆಯದು 40 ಮತ್ತು 41ರ ನಡುವೆ. ಆ ಜಾಗದಲ್ಲಿ ತೆರೆದರೆ ಮಡಿಕೆಯ ಗೆರೆಯಲ್ಲಿ ದಾರ ಕಾಣಬೇಕು. ಬೇರೆ ಪುಟಗಳಲ್ಲಿ ಕಾಣುವುದಿಲ್ಲ, ಹಾಗಾಗಿ ಸರಿಯಾದ ಕಡೆ ತೆರೆಯದೆ "ದಾರವೇ ಇಲ್ಲ" ಅಂತ ಬೈಂಡರ್ ಜೊತೆ ಜಗಳಕ್ಕೆ ಹೋಗಬೇಡಿ.

ಹಾರ್ಡ್ ಬೈಂಡ್ ಬಗ್ಗೆಯೂ ಇಲ್ಲೇ ಹೇಳಬೇಕು. ರಟ್ಟು ಹೊರಗಿನ ಕವಚ ಮಾತ್ರ. ಒಳಗೆ ಬರೀ ಅಂಟಿದ್ದರೆ ಮೇಲೆ ರಟ್ಟು ಹಾಕಿದ ಮಾತ್ರಕ್ಕೆ ಹಾಳೆ ನಿಲ್ಲುವುದಿಲ್ಲ. "ಹಾರ್ಡ್ ಬೈಂಡ್" ಅಂತ ಕೊಟೇಶನ್‌ನಲ್ಲಿದ್ದರೆ "ಒಳಗೆ ಹೊಲಿಗೆನಾ, ಅಂಟಾ?" ಅಂತ ಕೇಳಲೇಬೇಕು. ರಟ್ಟಿನಿಂದ ಪ್ರತಿಗೆ 80 ಗ್ರಾಂ ಹತ್ತಿರ ತೂಕ ಸೇರುತ್ತದೆ, ಅಂಚೆ ಖರ್ಚೂ ಏರುತ್ತದೆ, ಕೈಕೆಲಸದ ಕೂಲಿ ಬೇರೆ. ಮೇಷ್ಟ್ರಿಗೆ ನನ್ನ ಸಲಹೆ ಹೀಗಿತ್ತು: 500ಕ್ಕೂ ಹೊಲಿಗೆ ಹಾಕಿಸಿ, 450ಕ್ಕೆ ಸಾಮಾನ್ಯ ಮುಖಪುಟ ಅಂಟಿಸಿ, ಗ್ರಂಥಾಲಯಕ್ಕೆ, ಮನೆಯವರಿಗೆ ಅಂತ 50ಕ್ಕೆ ಮಾತ್ರ ರಟ್ಟು ಹಾಕಿಸಿ. ಒಳಗಿನ ಹೊಲಿಗೆ ಒಂದೇ ಆದ್ದರಿಂದ ಬೈಂಡರ್‌ಗೂ ತೊಂದರೆ ಇಲ್ಲ. "ಅದೇ ಸರಿ ಕಣಪ್ಪ, ನನ್ನ ತಮ್ಮಂದಿರಿಗೆ ರಟ್ಟಿಂದು ಕೊಟ್ಟರೆ ಸಾಕು" ಅಂದರು.

ಮುಖಪುಟ ಮಾಡುವ ಮೊದಲು ಖಾಲಿ ಡಮ್ಮಿ ಕೇಳಿ

ಅದೇ ಕಾಗದ, ಅದೇ ಪುಟ ಸಂಖ್ಯೆ, ಅಚ್ಚಿಲ್ಲದ ಖಾಲಿ ಪುಸ್ತಕ. ಬೈಂಡರ್‌ಗೆ ಒಂದು ಗಂಟೆ ಕೆಲಸ, ಒಪ್ಪಿಕೊಳ್ಳುತ್ತಾರೆ. ಇದರಿಂದ ಎರಡು ವಿಷಯ ತಿಳಿಯುತ್ತದೆ.

ಒಂದು, ಬೆನ್ನಿನ ನಿಜವಾದ ದಪ್ಪ. ಲೆಕ್ಕದ ಪ್ರಕಾರ 72 ಮ್ಯಾಪ್‌ಲಿಥೋ ಹಾಳೆಗೆ 6.5 ಮಿಲಿಮೀಟರ್, 8 ಆರ್ಟ್ ಹಾಳೆಗೆ ಅರ್ಧ ಚಿಲ್ಲರೆ, ಒಟ್ಟು 7ರ ಸುಮಾರು. ಹೊಲಿದಾಗ ದಾರ ಮತ್ತು ಮಡಿಕೆಯಿಂದ ಇನ್ನೂ ಸ್ವಲ್ಪ ಉಬ್ಬುತ್ತದೆ. ಡಮ್ಮಿ ಅಳೆದು ಆ ಸಂಖ್ಯೆಯನ್ನು ಮುಖಪುಟ ಮಾಡುವವರಿಗೆ ಕೊಡಿ. ಮುಖಪುಟ ಸಿದ್ಧವಾದ ಮೇಲೆ ಕಾಗದ ಬದಲಾಯಿಸಿದರೆ ಬೆನ್ನಿನ ಮೇಲಿನ ಹೆಸರು ಮುಂದಕ್ಕೋ ಹಿಂದಕ್ಕೋ ಜಾರುತ್ತದೆ.

ಎರಡು, ಕಾಗದದ ನಾರಿನ ದಿಕ್ಕು. ಕಾಗದದಲ್ಲಿ ನಾರು ಹೆಚ್ಚಾಗಿ ಒಂದೇ ಕಡೆ ಸಾಗಿರುತ್ತದೆ, ಪ್ರೆಸ್ಸಿನಲ್ಲಿ ಗ್ರೇನ್ ಅಂತಾರೆ. ಅದು ಬೆನ್ನಿಗೆ ಸಮವಾಗಿ, ಮೇಲಿಂದ ಕೆಳಕ್ಕೆ ಇರಬೇಕು. ಅಡ್ಡ ಬಂದರೆ ಪುಟ ಮೃದುವಾಗಿ ಬೀಳುವುದಿಲ್ಲ, ಬಿಟ್ಟ ಕೂಡಲೇ ಎದ್ದು ನಿಲ್ಲುತ್ತದೆ. ಮಳೆಗಾಲದಲ್ಲಿ ಬೆನ್ನಿನ ಹತ್ತಿರ ಅಲೆ ಅಲೆಯಾಗಿ ಸುಕ್ಕಾಗುತ್ತದೆ. ಡಮ್ಮಿಯ ಒಂದು ಹಾಳೆ ಕಿತ್ತು ಮೇಲಿಂದ ಕೆಳಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಹರಿಯಿರಿ. ಯಾವ ಕಡೆ ನೇರವಾಗಿ ಹರಿಯಿತೋ ನಾರು ಆ ಕಡೆ ಇದೆ. ಮೇಲಿಂದ ಕೆಳಕ್ಕೆ ನೇರವಾಗಿ ಹರಿದರೆ ಸರಿ. ಅಡ್ಡಕ್ಕೆ ನೇರವಾಗಿ ಹರಿದರೆ ಹಾಳೆ ಕತ್ತರಿಸುವ ಅಥವಾ ಪುಟ ಜೋಡಿಸುವ ರೀತಿ ಬದಲಾಯಿಸಲು ಆಗುತ್ತದಾ ಅಂತ ಅಚ್ಚಿಗೆ ಮೊದಲೇ ಕೇಳಿ.

ಪರ್ಫೆಕ್ಟ್ ಬೈಂಡಿಂಗೇ ಮಾಡಿಸುವುದಾದರೆ ಒಳಗಿನ ಅಂಚು, ಬೆನ್ನಿನ ಕಡೆಯ ಖಾಲಿ ಜಾಗ, 20 ಮಿಲಿಮೀಟರ್ ಬಿಡಿಸಿ. ಕೆರೆದು ಹೋಗುವುದು ಮತ್ತು ಪೂರ್ತಿ ತೆರೆಯದ ಬೆನ್ನು ಎರಡೂ ಸೇರಿ ಅಕ್ಷರವನ್ನು ನುಂಗುತ್ತವೆ. ಹೊಲಿಗೆಗೆ 16 ಸಾಕು.

ನೂರು ನೂರೈವತ್ತು ಪ್ರತಿ ಮಾತ್ರ ಬೇಕಾದವರು ಡಿಜಿಟಲ್‌ನಲ್ಲಿ ಮಾಡಿಸುತ್ತಾರೆ. ಅಲ್ಲಿ ಪ್ಲೇಟು ಇಲ್ಲ, ಫಾರಂ ಲೆಕ್ಕವೂ ಹೆಚ್ಚಾಗಿ ಇಲ್ಲ, ಬಿಡಿ ಹಾಳೆಗಳಾಗಿ ಬರುವುದರಿಂದ ಹೊಲಿಗೆಯೂ ಸಾಮಾನ್ಯವಾಗಿ ಆಗುವುದಿಲ್ಲ. ಅಂಥ ಪುಸ್ತಕದಲ್ಲಿ ಆರ್ಟ್ ಪೇಪರ್ ನಡುವೆ ಸೇರಿಸಲೇಬೇಡಿ, ಫೋಟೋವನ್ನು 80 ಅಥವಾ 100 ಜಿಎಸ್ಎಂ ಮ್ಯಾಪ್‌ಲಿಥೋದಲ್ಲೇ ಹಾಕಿಸಿ.

ಆರ್ಡರ್ ಬರೆದು ಕೊಡಿ, ಮೊದಲ ಐದು ಪ್ರತಿ ನೋಡಿ

ಬಾಯಿಮಾತಿನಲ್ಲಿ ಬಿಡಬೇಡಿ. ಮೇಷ್ಟ್ರ ಆರ್ಡರ್ ಹೀಗೆ ಬರೆಸಿದ್ದು:

"1/8 ಡೆಮಿ, 500 ಪ್ರತಿ. ಬರಹ 144 ಪುಟ, 70 ಜಿಎಸ್ಎಂ ಮ್ಯಾಪ್‌ಲಿಥೋ, ಕಪ್ಪು. ಚಿತ್ರಗಳು 16 ಪುಟ, 100 ಜಿಎಸ್ಎಂ ಮ್ಯಾಟ್ ಆರ್ಟ್ ಪೇಪರ್, ನಾಲ್ಕು ಬಣ್ಣ, 80ನೇ ಪುಟದ ನಂತರ ಒಂದೇ ಫಾರಂ ಆಗಿ. 16 ಪುಟದ ಫಾರಂಗಳು, ದಾರದ ಹೊಲಿಗೆ. ಮುಖಪುಟ 300 ಜಿಎಸ್ಎಂ ಆರ್ಟ್ ಕಾರ್ಡ್, ಮ್ಯಾಟ್ ಲ್ಯಾಮಿನೇಷನ್, ಬೆನ್ನಿನ ಎರಡೂ ಪಕ್ಕ ಮಡಿಕೆ ಗೆರೆ. 50 ಪ್ರತಿಗೆ ರಟ್ಟು."

80ನೇ ಪುಟ ಯಾಕೆ ಅಂದರೆ ಅಲ್ಲಿಗೆ ಸರಿಯಾಗಿ ಐದು ಫಾರಂ ಮುಗಿಯುತ್ತದೆ. ಫೋಟೋ ಫಾರಂ ಕೂರುವುದು ಎರಡು ಫಾರಂಗಳ ನಡುವೆ ಮಾತ್ರ, ನಿಮಗೆ ಬೇಕಾದ ಅಧ್ಯಾಯದ ಮಧ್ಯಕ್ಕೆ ಅಲ್ಲ. ಮಡಿಕೆ ಗೆರೆ ಇಲ್ಲದಿದ್ದರೆ ಮುಖಪುಟ ತೆರೆದಾಗ ಬೆನ್ನಿನ ಅಂಚಿನಲ್ಲೇ ಮುರಿದು ಬಿಳಿ ಗೀರು ಬೀಳುತ್ತದೆ.

ಬೈಂಡಿಂಗ್ ಆದ ಮೊದಲ ಐದು ಪ್ರತಿ ಬಂದಾಗ, ಅಂಟು ಪೂರ್ತಿ ಒಣಗಿದೆಯಾ ಕೇಳಿಕೊಂಡು, ಫೋಟೋ ಫಾರಂ ಮಧ್ಯಕ್ಕೆ ತೆರೆದು ಅಂಗೈಯಿಂದ ಒತ್ತಿ. ದಾರ ಕಾಣಬೇಕು, ಬೆನ್ನು ಸಿಡಿದ ಸದ್ದು ಬರಬಾರದು. ಆಮೇಲೆ ಒಂದು ಹಾಳೆ ಹಿಡಿದು ಮೆಲ್ಲಗೆ ಎಳೆದು ನೋಡಿ.

ಮುಖಪುಟ ತಾನಾಗಿಯೇ ಹೊರಕ್ಕೆ ಸುರುಳಿ ಸುತ್ತಿಕೊಂಡು ಮೇಲೇಳುತ್ತಿದ್ದರೆ ಗಾಬರಿ ಬೇಡ. ಲ್ಯಾಮಿನೇಷನ್ ಇರುವ ಕಡೆ ತೇವ ಹೀರುವುದಿಲ್ಲ, ಒಳಗಿನ ಕಡೆ ಹೀರಿ ಹಿಗ್ಗುತ್ತದೆ, ಅದಕ್ಕೇ ಹಾಗೆ ಬಾಗುವುದು. ಮಳೆ ಶುರುವಾದ ಮೇಲೆ ಮಾಡಿಸಿದ ಪುಸ್ತಕಗಳಲ್ಲಿ ಇದು ಜಾಸ್ತಿ. ಪುಸ್ತಕಗಳನ್ನು ಒಂದರ ಬೆನ್ನು ಈ ಕಡೆ, ಇನ್ನೊಂದರದ್ದು ಆ ಕಡೆ ಬರುವಂತೆ ಅಡ್ಡ ಮಲಗಿಸಿ, ಮೇಲೆ ಭಾರ ಇಟ್ಟು ಎರಡು ಮೂರು ದಿನ ಬಿಡಿ. ಬಂಡಲ್‌ಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡಿ, ಗೋಡೆಯಿಂದಲೂ ಒಂದು ಗೇಣು ದೂರ ಇರಲಿ. ರಟ್ಟಿನ 50 ಪ್ರತಿ ಮಾತ್ರ ಇನ್ನೂ ನಾಲ್ಕು ದಿನ ಬೈಂಡರ್ ಹತ್ತಿರವೇ ಒತ್ತಿನಲ್ಲಿರಲಿ. ಅಂಟಿನ ತೇವ ಆರುವ ಮೊದಲೇ ಪ್ಲಾಸ್ಟಿಕ್ ಸುತ್ತಿ ತಂದರೆ ರಟ್ಟು ಬಾಗುತ್ತದೆ, ಆಮೇಲೆ ಎಷ್ಟು ಭಾರ ಇಟ್ಟರೂ ನೆಟ್ಟಗಾಗುವುದಿಲ್ಲ.